ಮುತ್ತು ಅಂತ ಬರೆಯುವ ಮುಂಚೆ

"ರೆಡ್ ಕಾರ್ಪೆಟ್ ಗೌನ್ ಫೋಟೋಗೆ ಪತ್ರಿಕೆಯಲ್ಲಿ ಅಡಿಬರಹ ಬರೀಬೇಕು. ಆಕಾರ, ಬಟ್ಟೆ, ಕುಸುರಿ, ಸ್ಟೈಲಿಂಗ್ ನಾಲ್ಕೂ ಬರಬೇಕು ಅಂತಾರೆ. ಫೋಟೋ ನೋಡಿ ಇದೆಲ್ಲ ಹೇಗೆ ಗೊತ್ತಾಗುತ್ತೆ?"

ಎಲ್ಲವೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವುದು ಯಾವುದು, ವಿನ್ಯಾಸಕರ ಕಡೆಯಿಂದ ಕೇಳಿಯೇ ಬರೆಯಬೇಕಾದದ್ದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಿ.

ಆಕಾರ ಕಾಣುತ್ತದೆ. ಗೌನ್ ಎಲ್ಲಿಂದ ಅಗಲವಾಗುತ್ತದೆ ನೋಡಿ. ಸೊಂಟದಿಂದಲೇ ಓರೆಯಾಗಿ ಇಳಿದರೆ ಎ-ಲೈನ್. ಮಂಡಿಯ ಹತ್ತಿರದವರೆಗೆ ಮೈಗಂಟಿಕೊಂಡು, ಆಮೇಲೆ ಹರಡಿದರೆ ಮರ್ಮೇಡ್. 2023ರ ಆಸ್ಕರ್‌ನಲ್ಲಿ ನಮ್ಮ ದೀಪಿಕಾ ಪಡುಕೋಣೆ ಉಟ್ಟಿದ್ದ ಲೂಯಿ ವಿಟಾನ್‌ನ ಕಪ್ಪು ಗೌನ್ ಈ ಬಗೆಯದು.

ಬಟ್ಟೆಯಲ್ಲಿ ಜಾಸ್ತಿ ಜನ ಎಡವುತ್ತಾರೆ. ಆ ಗೌನ್ ವೆಲ್ವೆಟ್. ವೆಲ್ವೆಟ್ ಬೆಳಕನ್ನು ಕುಡಿಯುತ್ತದೆ, ಫ್ಲ್ಯಾಶ್ ಬಿದ್ದರೂ ನೆರಿಗೆಯ ಒಳಭಾಗ ಗಾಢವಾಗಿಯೇ ಉಳಿಯುತ್ತದೆ. ಸ್ಯಾಟಿನ್ ಆದರೆ ಪ್ರತಿ ಮಡಿಕೆಯ ಮೇಲೂ ಹೊಳಪಿನ ಗೆರೆ ಮೂಡುತ್ತದೆ. ಆದರೆ ಸ್ಯಾಟಿನ್ ಅನ್ನುವುದು ನೇಯ್ಗೆಯ ಹೆಸರು, ರೇಷ್ಮೆ ಅನ್ನುವುದು ನೂಲಿನ ಹೆಸರು. ಪಾಲಿಯೆಸ್ಟರ್ ನೂಲಿನಲ್ಲೂ ಸ್ಯಾಟಿನ್ ನೇಯುತ್ತಾರೆ. ನಾನು ಒಮ್ಮೆ ಹೊಳಪು ನೋಡಿ ಸುಮ್ನೆ "ರೇಷ್ಮೆ ಗೌನ್" ಅಂತ ಬರೆದು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕಾಯಿತು. ಆವತ್ತಿನಿಂದ ನೂಲಿನ ಹೆಸರನ್ನು ಕೇಳದೆ ಬರೆದಿಲ್ಲ.

ಕುಸುರಿಗೂ ಇದೇ ಮಾತು. 2015ರ ಆಸ್ಕರ್‌ಗೆ ಹಾಲಿವುಡ್ ನಟಿ ಲುಪಿಟಾ ನ್ಯೊಂಗೊ ಉಟ್ಟಿದ್ದ ಬಿಳಿ ಗೌನ್ ನೆನಪಿದೆಯಾ? ಅದರಲ್ಲಿ 6,000 ಅಸಲಿ ಮುತ್ತುಗಳಿವೆ ಅಂತ ಎಲ್ಲ ಕಡೆ ಅಚ್ಚಾಯಿತು. ಕೆಲವೇ ದಿನಗಳಲ್ಲಿ ಆ ಗೌನ್ ಹೋಟೆಲ್ ಕೋಣೆಯಿಂದ ಕಳುವಾಯಿತು. ಎರಡು ದಿನದ ಮೇಲೆ ಅದೇ ಹೋಟೆಲ್‌ನ ಶೌಚಾಲಯದಲ್ಲಿ ಸಿಕ್ಕಿತು. ಕದ್ದವನೆಂದು ಹೇಳಿಕೊಂಡ ಒಬ್ಬಾತ, ಮುತ್ತುಗಳು ನಕಲಿ ಎಂದು ಸುದ್ದಿತಾಣವೊಂದಕ್ಕೆ ತಿಳಿಸಿದ. ಯಾರ ಮಾತು ನಿಜ ಅಂತ ಫೋಟೋ ನೋಡಿ ತೀರ್ಮಾನಿಸೋಕಾಗಲ್ಲ, ಅಲ್ವಾ? ಹಾಗಾಗಿ ಸಂಖ್ಯೆಯನ್ನೂ "ಅಸಲಿ" ಅನ್ನುವ ಮಾತನ್ನೂ ಹೇಳಿದವರ ತಲೆಗೇ ಕಟ್ಟಬೇಕು, ಇಲ್ಲವೇ ಬಿಡಬೇಕು.

ಸ್ಟೈಲಿಂಗ್‌ಗೆ ಒಂದೇ ವಿವರ ಸಾಕು. ಗೌನ್‌ಗೆ ಸಂಬಂಧ ಇರುವುದನ್ನು ಆರಿಸಿ. ಲುಪಿಟಾ ಗೌನ್‌ನ ಪಟ್ಟಿಗಳು ಹಾಲ್ಟರ್ ನೆಕ್ ಮಾದರಿಯಲ್ಲಿ ಕತ್ತನ್ನು ಬಳಸಿ ಹೋಗಿದ್ದವು, ಅದಕ್ಕೇ ಹಾರಕ್ಕೆ ಜಾಗವಿರಲಿಲ್ಲ. ಬರೆಯಬೇಕಾದದ್ದು ಅದು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"2015ರ ಆಸ್ಕರ್ ಸಮಾರಂಭದಲ್ಲಿ ಲುಪಿಟಾ ನ್ಯೊಂಗೊ. ಕ್ಯಾಲ್ವಿನ್ ಕ್ಲೈನ್‌ಗಾಗಿ ಫ್ರಾನ್ಸಿಸ್ಕೊ ಕೋಸ್ಟಾ ವಿನ್ಯಾಸ ಮಾಡಿದ, ಮೈಗೊಪ್ಪುವ ಹಾಲ್ಟರ್ ನೆಕ್ ಬಿಳಿ ಗೌನ್. ಮೈತುಂಬ ಸಣ್ಣ, ದೊಡ್ಡ ಮುತ್ತಿನ ಕುಸುರಿ. ಕೊರಳಿಗೆ ಬೇರೆ ಹಾರವಿಲ್ಲ."

ಬಟ್ಟೆಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಮುತ್ತು ಅಷ್ಟು ಒತ್ತಾಗಿದ್ದಾಗ ಕೆಳಗಿನ ಬಟ್ಟೆ ಓದುಗರಿಗೂ ಕಾಣುವುದಿಲ್ಲ. ಆ ಗೌನ್‌ನ ಬೆನ್ನು ತೆರೆದಿತ್ತು, ಆದರೆ ನಿಮ್ಮ ಪುಟದಲ್ಲಿರುವುದು ಮುಂದಿನಿಂದ ತೆಗೆದ ಫೋಟೋ ಆದರೆ ಅದನ್ನೂ ಬರೆಯಬೇಡಿ.