ಮೆಟ್ರೊ ಕಾರ್ಡಿನಲ್ಲಿ ದುಡ್ಡಿದ್ದರೂ ಗೇಟ್ ಯಾಕೆ ತೆರೆಯಲಿಲ್ಲ?

ಪ್ರಶ್ನೆ: ಬೆಂಗಳೂರಿಗೆ ಬಂದು ಒಂದು ತಿಂಗಳಾಯ್ತು. ನಿನ್ನೆ ಮೆಟ್ರೊ ಕಾರ್ಡಲ್ಲಿ 83 ರೂಪಾಯಿ ಇತ್ತು, ನನ್ನ ಟಿಕೆಟ್ 60 ರೂಪಾಯಿದು, ಆದರೂ ಗೇಟ್ ಒಳಗೆ ಬಿಡಲಿಲ್ಲ. ಯಾಕೆ? ಇನ್ನೊಂದು, ಹೊರಗೆ ಬರುವಾಗ ಟ್ಯಾಪ್ ಮಾಡೋದು ಮರೆತರೆ ಏನಾಗುತ್ತೆ?

ಉತ್ತರ:

ನಿಮ್ಮ ಕಾರ್ಡ್ ಕೆಟ್ಟಿಲ್ಲ, ದುಡ್ಡೂ ಹೋಗಿಲ್ಲ. ಒಳಗೆ ಹೋಗುವ ಹೊತ್ತಿಗೆ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕು ಅನ್ನುವುದು 2025ರ ಫೆಬ್ರವರಿಯಲ್ಲಿ ದರ ಹೆಚ್ಚಿಸಿದಾಗ ಬಂದ ನಿಯಮ. ನಿಮಗೆ ಏಳು ರೂಪಾಯಿ ಕಡಿಮೆ ಬಿದ್ದಿದೆ, ಅಷ್ಟೇ.

90 ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಬಸ್ಸಿನಲ್ಲಿ ಹತ್ತಿದ ಕೂಡಲೇ ಕಂಡಕ್ಟರ್ "ಎಲ್ಲಿಗೆ?" ಅಂತ ಕೇಳುತ್ತಾರೆ. ಮೆಟ್ರೊ ಗೇಟ್ ಕೇಳುವುದಿಲ್ಲ. ನೀವು ಮುಂದಿನ ಸ್ಟೇಷನ್‌ನಲ್ಲೇ ಇಳಿಯುತ್ತೀರೋ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಹೋಗುತ್ತೀರೋ ಅದಕ್ಕೆ ಗೊತ್ತಾಗುವುದು ನೀವು ಹೊರಗೆ ಟ್ಯಾಪ್ ಮಾಡಿದಾಗ ಮಾತ್ರ. ಆ ದರ ಪರಿಷ್ಕರಣೆಯಲ್ಲಿ ಅತಿ ಹೆಚ್ಚಿನ ದರ 90 ರೂಪಾಯಿ ಆಯಿತು. ಅಷ್ಟು ಕಾರ್ಡಿನಲ್ಲಿದ್ದರೆ ನೀವು ಎಲ್ಲೇ ಇಳಿದರೂ ಹೊರಗಿನ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೊದಲು ಹೀಗಿರಲಿಲ್ಲ. 2018ಕ್ಕಿಂತ ಹಿಂದೆ 8 ರೂಪಾಯಿ 50 ಪೈಸೆ ಇದ್ದರೂ ಒಳಗೆ ಬಿಡುತ್ತಿತ್ತು: ಆಗಿನ ಕನಿಷ್ಠ ದರ 10 ರೂಪಾಯಿ, ಅದರಲ್ಲಿ ಕಾರ್ಡಿನವರಿಗೆ ಶೇಕಡ 15 ರಿಯಾಯಿತಿ. ಆಮೇಲೆ ಅದನ್ನು 50 ಮಾಡಿದರು, ಈಗ 90. ದಿನಾ ಎರಡು ಸ್ಟೇಷನ್ ದೂರ ಮಾತ್ರ ಓಡಾಡುವವರಿಗೆ ಇದು ಹೊರೆ ಅನ್ನುವುದು ನನ್ನ ಅಭಿಪ್ರಾಯ. 10 ರೂಪಾಯಿ ಪ್ರಯಾಣಕ್ಕೆ 90 ಇಟ್ಟುಕೊಂಡಿರಬೇಕಾಗುತ್ತದೆ.

ಆದರೆ ಆ 90 ಠೇವಣಿ ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಅಷ್ಟು ಇದೆಯೋ ಇಲ್ಲವೋ ಅಂತ ನೋಡುವುದು ಒಳಗೆ ಹೋಗುವಾಗ ಮಾತ್ರ. ಹೊರಗೆ ಬರುವಾಗ ಅದೇ ದುಡ್ಡಿನಿಂದ ದರ ಕಡಿತವಾಗುತ್ತದೆ. ನಿಮ್ಮದೇ ಲೆಕ್ಕ ತೆಗೆದುಕೊಳ್ಳೋಣ. ಬೆಳಿಗ್ಗೆ ಕಾರ್ಡಿನಲ್ಲಿ 140 ಇತ್ತು ಅಂತಿಟ್ಟುಕೊಳ್ಳಿ. 60 ರೂಪಾಯಿ ಪ್ರಯಾಣಕ್ಕೆ ಕಾರ್ಡಿನ ಶೇಕಡ 5 ರಿಯಾಯಿತಿ ಹೋಗಿ 57 ಕಡಿತ, ಉಳಿದದ್ದು 83. ಸಂಜೆ ವಾಪಸ್ ಬರುವುದಕ್ಕೂ 57 ಸಾಕು, ಆದರೆ ಗೇಟ್ ನೋಡುವುದು 90 ಇದೆಯೋ ಇಲ್ಲವೋ ಅಂತ. ಹಾಗಾಗಿ ಸಂಜೆಯೇ ಜನ ಹೀಗೆ ಸಿಕ್ಕಿಬೀಳುವುದು. ಆಗ 50 ಹಾಕಿಸಿದರೆ 133 ಆಗಿ ಕೆಲಸ ನಡೆಯುತ್ತದೆ. ಆ ಪ್ರಯಾಣ ಮುಗಿದ ಮೇಲೆ 76 ಉಳಿದು, ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು. ಇನ್ನೂ ಕಡಿಮೆ, 35 ಉಳಿದಿದ್ದರಂತೂ 50 ಹಾಕಿಸಿದರೂ 85 ಆಗಿ ಗೇಟ್ ತೆರೆಯುವುದಿಲ್ಲ. ಹೋಗಿಬರುವ ಖರ್ಚು 114 ಇರುವ ನಿಮ್ಮಂಥವರು ಮನೆ ಬಿಡುವಾಗ 147ಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ: ಹೋಗುವುದಕ್ಕೆ 57, ಬರುವಾಗ ತೋರಿಸುವುದಕ್ಕೆ 90.

ಆನ್‌ಲೈನ್ ರೀಚಾರ್ಜ್ ಮಾಡುವವರಿಗೆ ಒಂದು ಮಾತು. ಬ್ಯಾಲೆನ್ಸ್ ಬರೆದಿರುವುದು ಕಾರ್ಡಿನೊಳಗಿನ ಚಿಪ್‌ನಲ್ಲಿ. ಫೋನಿನಲ್ಲಿ ದುಡ್ಡು ಕಟ್ಟಿದ ಮಾತ್ರಕ್ಕೆ ಅದು ಚಿಪ್‌ಗೆ ಇಳಿಯುವುದಿಲ್ಲ, ಕಾರ್ಡನ್ನು ಸ್ಟೇಷನ್‌ನ ಯಂತ್ರಕ್ಕೆ ಮುಟ್ಟಿಸಬೇಕು. ಗೇಟಿನ ಮುಂದೆ ನಿಂತು ಅವಸರದಲ್ಲಿ ರೀಚಾರ್ಜ್ ಮಾಡುವ ಬದಲು ಹಿಂದಿನ ರಾತ್ರಿಯೇ ಮಾಡಿಡಿ, ಇಲ್ಲವೇ ಕೌಂಟರಿನಲ್ಲಿ ಹಾಕಿಸಿ.

ಈಗ ಟ್ಯಾಪ್ ಮರೆಯುವ ವಿಷಯ. ಚಿಪ್‌ನಲ್ಲಿ ದುಡ್ಡಿನ ಜೊತೆ ಇನ್ನೊಂದು ಸಂಗತಿಯೂ ಇರುತ್ತದೆ: ಈ ಕಾರ್ಡಿನವರು ಈಗ ಒಳಗಿದ್ದಾರೋ ಹೊರಗಿದ್ದಾರೋ, ಒಳಗಿದ್ದರೆ ಯಾವ ಸ್ಟೇಷನ್‌ನಿಂದ ಎಷ್ಟು ಹೊತ್ತಿಗೆ ಬಂದರು ಅಂತ. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಲಾಗದಿರುವುದು ಇದಕ್ಕೇ. ಮೊದಲ ಟ್ಯಾಪ್‌ಗೇ ಕಾರ್ಡ್ "ಒಳಗಿದೆ" ಅಂತ ಬರೆದುಕೊಂಡಿರುತ್ತದೆ, ಎರಡನೆಯದಕ್ಕೆ ಗೇಟ್ ಒಪ್ಪುವುದಿಲ್ಲ.

ಗೇಟ್ ಮುಚ್ಚಿರುವಾಗ ಟ್ಯಾಪ್ ಮಾಡದೆ ಹೊರಗೆ ಬರುವುದಾದರೂ ಹೇಗೆ ಅಂತ ಅನ್ನಿಸಬಹುದು. ನಮ್ಮಪ್ಪನಿಗೆ ಆದದ್ದನ್ನೇ ಹೇಳುತ್ತೇನೆ. ಊರಿಂದ ಬಂದಿದ್ದರು, ಕೈಯಲ್ಲಿ ಎರಡು ಚೀಲ. ಮುಂದಿನವರು ದಾಟುತ್ತಿದ್ದಾಗಲೇ ಕಾರ್ಡ್ ಆಡಿಸಿ, ಗೇಟ್ ಇನ್ನೂ ತೆರೆದಿದ್ದರಿಂದ ಅವರ ಹಿಂದೆಯೇ ಬಂದುಬಿಟ್ಟರು. ಟ್ಯಾಪ್ ಆಯಿತು ಅಂತಲೇ ಅವರ ನಂಬಿಕೆ. ದುಡ್ಡು ಕಡಿತವಾಗಿರಲಿಲ್ಲ, ಆ ದಿನ ಯಾರಿಗೂ ಗೊತ್ತಾಗಲೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಹೊರಟಾಗ ಗೇಟ್ ಕೆಂಪು ತೋರಿಸಿತು. ಬ್ಯಾಲೆನ್ಸ್ ಬೇಕಾದಷ್ಟಿತ್ತು. ಕಾರ್ಡಿನ ಲೆಕ್ಕದಲ್ಲಿ ಅಪ್ಪ ಎರಡು ದಿನದಿಂದ ಮೆಟ್ರೊದೊಳಗೇ ಇದ್ದರು!

ಇಂಥ ಹೊತ್ತಿನಲ್ಲಿ ಬೇರೆ ಬೇರೆ ಗೇಟಿಗೆ ಕಾರ್ಡ್ ಒತ್ತುತ್ತಾ ಓಡಾಡಿ ಪ್ರಯೋಜನವಿಲ್ಲ. ಯಾವ ಗೇಟಿಗೆ ಹೋದರೂ ಚಿಪ್ ಹೇಳುವುದು ಒಂದೇ ಮಾತು. ನೇರವಾಗಿ ಗ್ರಾಹಕ ಸೇವಾ ಕೌಂಟರಿಗೆ ಹೋಗಿ ಕಾರ್ಡ್ ಕೊಡಿ. ಕೊನೆಯ ಸಲ ಎಲ್ಲಿ ಒಳಗೆ ಬಂದಿರಿ ಅನ್ನುವುದು ಅವರ ಯಂತ್ರದಲ್ಲಿ ಕಾಣುತ್ತದೆ. ಅಪ್ಪನನ್ನು ಎಲ್ಲಿ ಇಳಿದಿದ್ದಿರಿ ಅಂತ ಕೇಳಿದರು, ಹೇಳಿದರು, ಆ ಪ್ರಯಾಣದ ದರ ಹಿಡಿದುಕೊಂಡು ಕಾರ್ಡ್ ಸರಿಮಾಡಿ ಕೊಟ್ಟರು. ಎರಡು ನಿಮಿಷದ ಕೆಲಸ. ಆದರೆ ಸರಿಮಾಡಿಸುವವರೆಗೆ ಆ ಕಾರ್ಡಿನಿಂದ ಒಂದು ಹೆಜ್ಜೆಯೂ ಒಳಗಿಡಲು ಆಗುವುದಿಲ್ಲ. ಪರೀಕ್ಷೆಗೋ ರೈಲು ಹಿಡಿಯುವುದಕ್ಕೋ ಹೊರಟಿದ್ದರೆ ಒಂದು ಟೋಕನ್ ಕೊಂಡು ಹೋಗಿ, ಕಾರ್ಡನ್ನು ಆಮೇಲೆ ಸರಿಮಾಡಿಸಿ.

ಟ್ಯಾಪ್ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಹೊರಗೆ ಬರುವಾಗ ಗೇಟಿನ ಪುಟ್ಟ ಪರದೆಯಲ್ಲಿ ಉಳಿದ ಬ್ಯಾಲೆನ್ಸ್ ಕಾಣುತ್ತದೆ. ಮುಂದಿನವರು ಪೂರ್ತಿ ದಾಟಲಿ, ಆಮೇಲೆ ಕಾರ್ಡನ್ನು ಒಂದು ಕ್ಷಣ ಅಲುಗಾಡಿಸದೆ ಇಟ್ಟು, ಆ ಅಂಕಿ ಕಂಡ ಮೇಲೆ ನಡೆಯಿರಿ. ಅನುಮಾನ ಬಂದರೆ ಸ್ಟೇಷನ್ ಬಿಡುವ ಮೊದಲೇ ಕೌಂಟರಿನಲ್ಲಿ ತೋರಿಸಿ. ಎಲ್ಲಿಂದ ಬಂದಿರಿ ಅನ್ನುವುದು ಆಗ ಇಬ್ಬರಿಗೂ ನೆನಪಿರುತ್ತದೆ.

ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ, ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ ಹಳದಿಗೆ ಬದಲಾಯಿಸುವಾಗ ಟ್ಯಾಪ್ ಮಾಡಬೇಕಿಲ್ಲ. ಗೊತ್ತಿಲ್ಲದೆ ಗೇಟಿನಿಂದ ಹೊರಗೆ ಬಂದರೆ ಅಲ್ಲಿಗೆ ಒಂದು ಪ್ರಯಾಣ ಮುಗಿದ ಹಾಗೆ, ಮತ್ತೆ ಒಳಗೆ ಹೋಗುವಾಗ ಹೊಸ ಲೆಕ್ಕ, ಮತ್ತೆ 90ರ ಪರೀಕ್ಷೆ. ಹಾಗೆಯೇ, ಒಳಗೆ ಬಂದ ಸ್ಟೇಷನ್‌ನಿಂದಲೇ ವಾಪಸ್ ಹೊರಡುವುದಾದರೆ 20 ನಿಮಿಷದೊಳಗೆ ಹೊರಡಿ, ತಡವಾದರೆ ದಂಡ ಬೀಳುತ್ತದೆ. ಸ್ನೇಹಿತರಿಗೆ ಕಾಯುವುದಿದ್ದರೆ ಗೇಟಿನ ಹೊರಗೇ ಕಾಯಿರಿ.