ಸ್ವಿಚ್ಚು ಒತ್ತುವ ಮುನ್ನ ಒಂದು ಗೀಟು ಎಳೆಯಿರಿ

ಪತ್ರ: “ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ಜಿಪಿಯು ಶೆಡ್ಯೂಲಿಂಗ್, ಗೇಮ್ ಮೋಡ್ ಎರಡನ್ನೂ ಆನ್ ಮಾಡಿದೆ. 71 ಇದ್ದ ಫ್ರೇಮ್ ರೇಟ್ 72 ಆಯಿತು, ಅಷ್ಟೇ. ಒಬ್ಬರು ಎರಡನ್ನೂ ಆನ್ ಇಡಿ ಅನ್ನುತ್ತಾರೆ, ಇನ್ನೊಬ್ಬರು ಎರಡನ್ನೂ ಆಫ್ ಮಾಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?”

ಉತ್ತರ: ನೀವು ಅಳೆದು ನೋಡಿದಿರಲ್ಲ, ಅದಕ್ಕೇ ನಿಮ್ಮ ಪತ್ರ ಎತ್ತಿಕೊಂಡೆ. ಆದರೆ ಎರಡು ಸ್ವಿಚ್ಚನ್ನೂ ಒಟ್ಟಿಗೇ ಒತ್ತಿದಿರಿ! ಈಗ ಆ ಒಂದು ಫ್ರೇಮ್ ಯಾವುದರ ಕೃಪೆ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಶೆಡ್ಯೂಲಿಂಗ್ ಅಂದರೆ ಸರತಿ ನಿಭಾಯಿಸುವ ಕೆಲಸ. ಆಟ, ಬ್ರೌಸರ್, ಡೆಸ್ಕ್‌ಟಾಪ್ ಎಲ್ಲಕ್ಕೂ ಗ್ರಾಫಿಕ್ಸ್ ಕಾರ್ಡ್ ಒಂದೇ. ಯಾರ ಕೆಲಸ ಮೊದಲು ಅನ್ನುವುದನ್ನು ಹಿಂದೆ ಸಿಪಿಯು ಮೇಲೆ ಓಡುವ ವಿಂಡೋಸ್‌ನ ಒಂದು ಭಾಗ ನೋಡಿಕೊಳ್ಳುತ್ತಿತ್ತು. ಅದಕ್ಕೆ ತಗಲುವ ಖರ್ಚು ತಗ್ಗಲೆಂದು ಆಟಗಳು ಒಂದಿಡೀ ಫ್ರೇಮಿನ ಆದೇಶಗಳನ್ನು ಕಟ್ಟಾಗಿ ಕಟ್ಟಿ ಕಳಿಸುತ್ತವೆ. ಕಾರ್ಡ್ ಈ ಫ್ರೇಮ್ ಬರೆಯುವಾಗ ಸಿಪಿಯು ಮುಂದಿನದನ್ನು ಸಿದ್ಧ ಮಾಡುತ್ತಿರುತ್ತದೆ. ಹಾಗಾಗಿ ನೀವು ಮೌಸ್ ಒತ್ತಿದ್ದು ಪರದೆಗೆ ಬರುವುದು ಒಂದು ಫ್ರೇಮ್ ತಡವಾಗಿ. ವಿಂಡೋಸ್ 10ರ 2020ರ ಮೇ ಆವೃತ್ತಿಯಿಂದ ಈ ಸರತಿಯ ನಿತ್ಯದ ಓಡಾಟವನ್ನು ಕಾರ್ಡ್‌ನೊಳಗಿನ ಪ್ರತ್ಯೇಕ ಪ್ರೊಸೆಸರ್‌ಗೆ ಬಿಟ್ಟುಕೊಡಬಹುದು. ಯಾರಿಗೆ ಆದ್ಯತೆ ಎಂಬ ಮೇಲಿನ ತೀರ್ಮಾನ ಮಾತ್ರ ಈಗಲೂ ವಿಂಡೋಸ್‌ನದೇ. ಬಳಸುವವರಿಗೆ ವ್ಯತ್ಯಾಸ ಗೊತ್ತೇ ಆಗಬಾರದು ಎಂದು ಆಗ ಮೈಕ್ರೋಸಾಫ್ಟೇ ಹೇಳಿತ್ತು. ನಿಮಗೆ ಗೊತ್ತಾಗಲಿಲ್ಲ, ಅಂದರೆ ಅದು ನೆಟ್ಟಗೆ ನಡೆಯುತ್ತಿದೆ.

ಹಾಗಾದರೆ ಆನ್ ಯಾಕೆ? ಆಟದ ಫ್ರೇಮ್‌ಗಳ ನಡುವೆ ತಾನೇ ಹೊಸ ಫ್ರೇಮ್ ಸೃಷ್ಟಿಸಿ ಸೇರಿಸುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್‌ಗೆ ಇದು ಬೇಕೇ ಬೇಕು. ಸ್ವಿಚ್ಚು ಆಫ್ ಇದ್ದರೆ ಆಟದ ಮೆನುವಿನಲ್ಲಿ ಆ ಆಯ್ಕೆ ಮಂಕಾಗಿ ಕೂತಿರುತ್ತದೆ. ಜನ ಕಾರ್ಡೇ ಕೆಟ್ಟಿತೆಂದು ಬಯ್ಯುತ್ತಾರೆ. ಆಫ್ ಮಾಡುವವರ ಪಕ್ಷದಲ್ಲೂ ನ್ಯಾಯವಿದೆ: ಆನ್ ಇದ್ದಾಗ ವಿಡಿಯೊ ಮೆಮೊರಿ ತುಸು ಹೆಚ್ಚು ಹಿಡಿಯುತ್ತದೆ, ಕೆಲವು ಡ್ರೈವರ್‌ಗಳ ಜೊತೆ ವಿಆರ್ ಮತ್ತು ರೆಕಾರ್ಡಿಂಗ್ ಮುಗ್ಗರಿಸಿದ್ದೂ ಉಂಟು. ಒಪ್ಪಿದೆ.

ಆದರೆ ನನ್ನ ಅಕ್ಕನ ಮಗನ ಕತೆ ಕೇಳಿ. ಆಟ ನುಣ್ಣಗೆ ಓಡುತ್ತಿತ್ತು, ರೆಕಾರ್ಡ್ ಆದ ವಿಡಿಯೊ ಮಾತ್ರ ಕುಂಟುತ್ತಿತ್ತು. ಯಾರದೋ ಪಟ್ಟಿ ನೋಡಿ ಹತ್ತು ಸ್ವಿಚ್ಚು ಆಫ್ ಮಾಡಿದ್ದ. ಎಲ್ಲವನ್ನೂ ಮೊದಲಿದ್ದಂತೆ ಮಾಡಿಸಿ, ಕಾಗದದ ಮೇಲೆ ಗೀಟೆಳೆದು ಒಂದೊಂದೇ ಬದಲಿಸಿದೆವು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಬಳಕೆ ಶೇಕಡಾ 99ರಲ್ಲಿ ನಿಂತಿತ್ತು. ರೆಕಾರ್ಡರ್‌ನಲ್ಲಿ ‘ರೆಂಡರಿಂಗ್ ವಿಳಂಬದಿಂದ ತಪ್ಪಿದ ಫ್ರೇಮ್’ ಎಣಿಕೆ ಏರುತ್ತಿತ್ತು. ಶೆಡ್ಯೂಲಿಂಗ್ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆವು (ರೀಸ್ಟಾರ್ಟ್ ಆಗದೆ ಈ ಬದಲಾವಣೆ ಜಾರಿಗೆ ಬರುವುದಿಲ್ಲ, ಎಷ್ಟೋ ಜನ ಇಲ್ಲೇ ಮೋಸಹೋಗುತ್ತಾರೆ). ಎಣಿಕೆ ನಿಧಾನವಾಯಿತು, ನಿಲ್ಲಲಿಲ್ಲ. ಆಮೇಲೆ ಆಟವನ್ನು 60 ಫ್ರೇಮ್‌ಗೆ ಕಟ್ಟಿಹಾಕಿದೆವು. ಎಣಿಕೆ ನಿಂತಿತು. ಸ್ವಿಚ್ಚು ಮತ್ತೆ ಆನ್ ಮಾಡಿದರೂ ಏರಲಿಲ್ಲ. ಕಾರ್ಡನ್ನು ಆಟವೇ ಪೂರ್ತಿ ನುಂಗಿ, ರೆಕಾರ್ಡರ್‌ಗೆ ಚಿತ್ರ ಜೋಡಿಸುವಷ್ಟೂ ಜಾಗ ಉಳಿದಿರಲಿಲ್ಲ. ತಪ್ಪು ಸ್ವಿಚ್ಚಿನದಲ್ಲ.

ಗೇಮ್ ಮೋಡ್ ಬಗ್ಗೆ ಇಷ್ಟು ಬೇಕಿಲ್ಲ. 2017ರಲ್ಲಿ ಬಂದದ್ದು, ಆಟದ ನಡುವೆ ವಿಂಡೋಸ್ ಅಪ್‌ಡೇಟ್ ಡ್ರೈವರ್ ಹಾಕದಂತೆ, ರೀಸ್ಟಾರ್ಟ್ ಸೂಚನೆ ಕಳಿಸದಂತೆ ತಡೆಯುತ್ತದೆ, ಆಟಕ್ಕೆ ಮೊದಲ ಮಣೆ ಹಾಕುತ್ತದೆ. ಸಾಮಾನ್ಯವಾಗಿ ಆನ್ ಇರಲಿ. ಆಟದ ಹಿಂದೆ ಭಾರೀ ರೆಂಡರಿಂಗ್ ಓಡಿಸಿ, ಅದು ಸೊರಗಿದರೆ ಆಗ ಆಫ್ ಮಾಡಿ ನೋಡಿ. ನಿಮ್ಮದು ರೈಜನ್ 7950ಎಕ್ಸ್3ಡಿ ತರಹದ ಪ್ರೊಸೆಸರ್ ಆಗಿದ್ದರೆ ಮುಟ್ಟಲೇಬೇಡಿ. ಅದರ ಕೋರ್‌ಗಳು ಎರಡು ಗುಂಪು, ಹೆಚ್ಚುವರಿ ಕ್ಯಾಷ್ ಇರುವುದು ಒಂದಕ್ಕೆ ಮಾತ್ರ. ಆಟವನ್ನು ಆ ಗುಂಪಿನಲ್ಲೇ ಕೂರಿಸುವ ಏರ್ಪಾಡು ಗೇಮ್ ಮೋಡನ್ನು ನೆಚ್ಚಿಕೊಂಡಿದೆ.

ನನಗೆ ಸಿಟ್ಟು ಬರುವುದು ‘ಹದಿನೈದು ಸೆಟ್ಟಿಂಗ್, ಇಮ್ಮಡಿ ವೇಗ’ ಎಂದು ಮಾರುವವರ ಮೇಲೆ. ಹದಿನೈದೂ ಒಟ್ಟಿಗೆ ಬದಲಿಸಿ, ಕೊನೆಯದಕ್ಕೆ ಹಾರ ಹಾಕುತ್ತಾರೆ. ಅದೇ ಜಾಗ, ಅದೇ ಹೊತ್ತು ಮತ್ತೊಮ್ಮೆ ಆಡಿ ತೋರಿಸಿದವರನ್ನು ನಾನು ಕಂಡದ್ದು ಕಡಿಮೆ.

ನಿಮ್ಮ 71, 72 ವಿಷಯ: ಏನೂ ಬದಲಿಸದೆ ಒಂದೇ ದೃಶ್ಯವನ್ನು ಮೂರು ಸಲ ಆಡಿ, ಮೂರೂ ಅಂಕಿ ಬರೆದಿಡಿ. ಅವುಗಳ ನಡುವೆಯೇ ಒಂದೆರಡು ಫ್ರೇಮ್ ಏರಿಳಿತ ಇದ್ದರೆ ನಿಮಗೆ ಸಿಕ್ಕಿದ ಲಾಭವೂ ಅದೇ ಏರಿಳಿತ. ಸರಾಸರಿಗಿಂತ ತೀರಾ ಕೆಳಗೆ ಬಿದ್ದ ಫ್ರೇಮ್‌ಗಳನ್ನೂ ನೋಡಿ. ಕೈಗೆ ತಿಳಿಯುವ ಮುಗ್ಗರಿಕೆ ಇರುವುದು ಅಲ್ಲಿ. ಆಮೇಲೆ ಶೆಡ್ಯೂಲಿಂಗ್ ಒಂದನ್ನೇ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಮೂರು ಸಲ. ಸ್ವಿಚ್ಚು ನಿಜಕ್ಕೂ ತಿರುಗಿದೆಯೇ ಎಂಬ ಅನುಮಾನ ಬಂದರೆ `dxdiag` ತೆರೆದು ಮಾಹಿತಿಯನ್ನು ಫೈಲಾಗಿ ಉಳಿಸಿ. ಅದರಲ್ಲಿ `Hardware Scheduling` ಎಂಬ ಸಾಲಿರುತ್ತದೆ.