ಸಂಬಳ ಕೈಬಿಡೋಕಾಗಲ್ಲ, ಅಲ್ಲಿ ಇರೋಕೂ ಆಗ್ತಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಇವರನ್ನು ಸವಿತಾ ಎಂದು ಕರೆಯೋಣ. ಇದು ನಿಜವಾದ ಹೆಸರಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸವಿತಾಗೆ ಮೂವತ್ತನಾಲ್ಕು ವರ್ಷ. ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನ ಫ್ರಂಟ್ ಆಫೀಸಿನಲ್ಲಿ ಕೆಲಸ, ತಿಂಗಳಿಗೆ 48,000 ರೂಪಾಯಿ ಸಂಬಳ. ಮನೆ ಸುಂಟಿಕೊಪ್ಪದ ಕಡೆ. ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅವರಿಗೆ 22,000. "ಮೇಡಂ, ಇಷ್ಟು ಸಂಬಳ ಕೊಡಗಿನಲ್ಲಿ ನನಗೆ ಇನ್ಯಾರು ಕೊಡ್ತಾರೆ?" ಎಂಬುದೇ ಅವರ ಮೊದಲ ಮಾತು.

ಮ್ಯಾನೇಜರ್ ಬದಲಾಗಿ ಒಂದು ವರ್ಷವಾಗಿತ್ತು. ರಾತ್ರಿ ಹತ್ತೂವರೆ ಮೇಲೆ ವಾಟ್ಸಾಪ್‌ನಲ್ಲಿ "ನಾಳೆ ನಿಮ್ಮ ವೀಕ್ಲಿ ಆಫ್ ಕ್ಯಾನ್ಸಲ್" ಎಂದು ಬರುತ್ತಿತ್ತು. ರೂಮ್ ರೆಡಿ ಇಲ್ಲದೆ ಗೆಸ್ಟ್ ಸಿಟ್ಟಾದರೆ, ಅವರ ಎದುರೇ ಸವಿತಾಗೆ ಬೈಗುಳ. ಒಮ್ಮೆ ಕೀ ಕಾರ್ಡ್‌ಗಳನ್ನು ಕೌಂಟರ್ ಮೇಲೆ ಎಸೆದು, "ಓದಿದ್ದೀರಾ ಇಲ್ವಾ?" ಎಂದು ಕೇಳಿದ್ದರಂತೆ. ಹೊಸದಾಗಿ ಸೇರಿದ ಹುಡುಗರು ಪಕ್ಕದಲ್ಲೇ ನಿಂತಿದ್ದರು. ಇದನ್ನು ಹೇಳುವಾಗ ಅವರ ಕೈ ನಡುಗುತ್ತಿತ್ತು.

ನಾನು ಮೊದಲು ಕೇಳಿದ್ದು ರಜೆಯ ಬಗ್ಗೆ. ಹುತ್ತರಿಗೆ ತವರಿಗೆ ಹೋದಾಗ ನಿದ್ದೆ ಬಂತಾ? ಮೊದಲ ರಾತ್ರಿ ಬರಲಿಲ್ಲ, ಆಮೇಲೆ ಬಂತು, ವಾಪಸ್ ಹೊರಡುವ ಹಿಂದಿನ ದಿನ ಹೊಟ್ಟೆ ಕೆಟ್ಟಿತು ಎಂದರು. ಬರೀ ಕೆಲಸ ಜಾಸ್ತಿಯಾಗಿ ದಣಿದವರು ರಜೆ ಸಿಕ್ಕರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತಾರೆ. ಇವರ ದೇಹ ಹೆದರುತ್ತಿದ್ದದ್ದು ಆ ಜಾಗಕ್ಕೆ, ಆ ಮನುಷ್ಯನಿಗೆ. ರಜೆಯಲ್ಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದ್ದರೆ ನಾನು ಕೆಲಸದ ಮಾತು ಬಿಟ್ಟು ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನಂತೂ ಫೋನಿನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ಲೆಕ್ಕಕ್ಕೆ ಕೂತೆವು. ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಮನೆ ಸಾಲದ ಕಂತು, ಚೀಟಿ, ಮಗುವಿನ ಫೀಸು, ಅತ್ತೆಯವರ ಔಷಧಿ, ಮನೆ ಖರ್ಚು ಎಲ್ಲ ಸೇರಿ 53,000 ಬಂತು. ಯಜಮಾನರ ಸಂಬಳ ಕಳೆದರೆ ಸವಿತಾ ಕಡೆಯಿಂದ ಬೇಕಾಗಿದ್ದು 31,000. ಇಷ್ಟು ದಿನ 48,000ಕ್ಕೆ ಸಮನಾದ ಕೆಲಸ ಸಿಗಲ್ಲ ಎಂದು ಅವರು ಹುಡುಕೋಕೇ ಹೋಗಿರಲಿಲ್ಲ. 31,000 ದಾಟುವ ಕೆಲಸವನ್ನು ಕುಶಾಲನಗರದಲ್ಲಿ ಹುಡುಕಬಹುದಿತ್ತು.

ಹಾಗಂತ ಅವತ್ತೇ ರಾಜೀನಾಮೆ ಕೊಡಿ ಅನ್ನಲಿಲ್ಲ. ಅವರಿಗೆ ಅಲ್ಲಿ ಐದು ವರ್ಷ ತುಂಬಲು ನಾಲ್ಕು ತಿಂಗಳು ಬಾಕಿ ಇತ್ತು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ. ಅವರ ಬೇಸಿಕ್ 24,000. ಅದನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 69,000. ನೋಟಿಸ್ ಅವಧಿ ಎರಡು ತಿಂಗಳು ಇದೆಯಲ್ಲ, ಎರಡು ತಿಂಗಳು ಬಾಕಿ ಇರುವಾಗಲೇ ಪತ್ರ ಕೊಟ್ಟು ಅದರಲ್ಲೇ ಐದು ವರ್ಷ ತುಂಬಿಸಲಾ ಎಂದು ಕೇಳಿದರು. ನಾನು ಬೇಡವೆಂದೆ. ಇಂಥ ಮ್ಯಾನೇಜರ್ "ನಾಳೆಯಿಂದ ಬರಬೇಡಿ" ಅಂದುಬಿಟ್ಟರೆ ಆ ದುಡ್ಡಿಗಾಗಿ ಜಗಳ ಶುರು. ಐದು ವರ್ಷ ದಾಟಿದ ಮೇಲೆ ಇಮೇಲ್‌ನಲ್ಲಿ ಪತ್ರ ಕೊಡಿ, ನೋಟಿಸ್ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ತೆಗೆದುಕೊಳ್ಳಿ ಎಂದೆ.

ದಿನಾಂಕ ಗೊತ್ತಾದ ಮೇಲೆ ಇರುವುದು ಸ್ವಲ್ಪ ಸುಲಭವಾಯಿತು. ಆದರೆ ಆ ದಿನಾಂಕವನ್ನೂ ಮುರಿಯಬೇಕಾದ ಎರಡು ಸಂದರ್ಭಗಳನ್ನು ಬರೆದುಕೊಂಡೆವು: ರಜೆಯಲ್ಲೂ ನಿದ್ದೆ ಬಾರದ ಸ್ಥಿತಿ ಬಂದರೆ, ಇಲ್ಲವೇ ಸವಿತಾ ಅವರ ಲಾಗಿನ್‌ನಲ್ಲಿ ಬಿಲ್ ತಿದ್ದಲು ಮ್ಯಾನೇಜರ್ ಹೇಳಿದರೆ. ಆಗ 69,000 ಹೋದರೂ ಹೋಗಲಿ. ಸುಳ್ಳು ಬಿಲ್ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಲಾಗಿನ್ ಯಾರದೋ ಅವರೇ ಅಲ್ವಾ.

ಅಲ್ಲಿಯವರೆಗೆ ಒಂದು ಪುಸ್ತಕ ಇಡಿಸಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಮ್ಯಾನೇಜರ್ ಆಡಿದ ಮಾತು ಅದೇ ಪದಗಳಲ್ಲಿ, ಯಾರಿದ್ದರು. "ಅವಮಾನ ಮಾಡಿದರು" ಎಂದು ಬರೆದರೆ ಸಾಲದು. ವೀಕ್ಲಿ ಆಫ್ ರದ್ದಾದ ಮೆಸೇಜುಗಳನ್ನು ಸೇರಿಸಿ ಮಾಲೀಕರಿಗೆ ಮೇಲ್ ಮಾಡಿದರು. ಮ್ಯಾನೇಜರ್ ಸ್ವಭಾವ ಬದಲಾಗಲಿಲ್ಲ. ಆದರೆ ರಾತ್ರಿಯ ಮೆಸೇಜು ನಿಂತಿತು.

ಐದು ವರ್ಷ ತುಂಬಿದ ವಾರವೇ ಪತ್ರ ಕೊಟ್ಟರು. ಈಗ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಘಟಕದ ಆಫೀಸಿನಲ್ಲಿದ್ದಾರೆ, ಸಂಬಳ 34,000. ಸಂದರ್ಶನದಲ್ಲಿ ವಾರದ ರಜೆಯನ್ನು ಯಾರು ನಿರ್ಧರಿಸುತ್ತಾರೆ, ಈ ಹುದ್ದೆಯಲ್ಲಿದ್ದವರು ಯಾಕೆ ಬಿಟ್ಟರು ಎಂದು ಕೇಳಿಯೇ ಸೇರಿದರು. ರಾತ್ರಿ ಫೋನ್ ಸದ್ದಾದರೆ ಇನ್ನೂ ಎದೆ ಹೊಡೆದುಕೊಳ್ಳುತ್ತದಂತೆ. ಕೆಲವು ತಿಂಗಳು ಹೀಗಿರಬಹುದು, ಕಡಿಮೆಯಾಗುತ್ತಾ ಬರದಿದ್ದರೆ ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡೋಣ ಎಂದಿದ್ದೇನೆ.